ತಾರಸಿ ಮೇಲಿನ ಲಕ್ಷ ರೂಪಾಯಿ ಹಾರಿಹೋದ್ರೆ ಯಾರು ಕೊಡ್ತಾರೆ?

2025ರ ಮೇ ತಿಂಗಳ ಒಂದು ಸಂಜೆ. ಸ್ಟುಡಿಯೋಗೆ ಹೋಗೋಕೆ ಇನ್ನು ಹತ್ತು ನಿಮಿಷ ಇದೆ ಅನ್ನೋವಾಗ ತುಮಕೂರಿನಿಂದ ಚಿಕ್ಕಪ್ಪನ ಫೋನು.

"ಲೋ, ನಮ್ಮನೆ ಕರೆಂಟು ಹಾರಿಹೋಯ್ತು ಕಣೋ."

"ಹೋದ್ರೆ ಬರುತ್ತೆ ಬಿಡಿ ಚಿಕ್ಕಪ್ಪ, ಮಳೆ ನಿಲ್ಲಲಿ."

"ಹೋಗಿರೋದಲ್ಲ, ಹಾರಿರೋದು! ಸೋಲಾರ್ ಪ್ಯಾನೆಲ್ಲು ಪಕ್ಕದ ಖಾಲಿ ಸೈಟಲ್ಲಿ ಬಿದ್ದಿದೆ."

ಚಿಕ್ಕಪ್ಪ ನಿವೃತ್ತ ಮೇಷ್ಟ್ರು. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದಾಗ ಬೀದಿಯಲ್ಲಿ ಮೊದಲು ಅರ್ಜಿ ಹಾಕಿದವರು ಅವರೇ. ತಾರಸಿ ಮೇಲೆ 540 ವ್ಯಾಟಿನ ಆರು ಪ್ಯಾನೆಲ್, ಒಟ್ಟು 3.24 ಕಿಲೋವ್ಯಾಟ್. ಖರ್ಚು 1,90,000 ರೂಪಾಯಿ. ಕೇಂದ್ರದ ಸಬ್ಸಿಡಿ 78,000 ಬಂತು. ಕೈಯಿಂದ ಹೋಗಿದ್ದು 1,12,000. ದಿನಕ್ಕೆ ಸರಾಸರಿ 12 ಯೂನಿಟ್ ಬರ್ತಿತ್ತು. ಆ ಸಂಜೆಯ ಬಿರುಗಾಳಿಗೆ ಎರಡು ಪ್ಯಾನೆಲ್ ಹಾರಿದವು, ಇನ್ನೆರಡರ ಗಾಜು ಜಾಗದಲ್ಲೇ ಸೀಳಿತು. ಅದೇ ಮಳೆಯ ಸಿಡಿಲಿಗೆ ಇನ್ವರ್ಟರ್ ಸತ್ತುಹೋಯ್ತು. ಸೈಟಿಗೆ ಹಾರಿದ್ದ ಪ್ಯಾನೆಲ್ ಬೆಳಗ್ಗೆ ಎದ್ದು ನೋಡಿದ್ರೆ ಮಾಯ. ಯಾರೋ ಹೊತ್ತುಕೊಂಡು ಹೋಗಿದ್ದರು.

ಗಾಳಿ, ಕಳ್ಳ, ನಿಂತುಹೋದ ಕರೆಂಟು. ತಾರಸಿ ಮೇಲೆ ಸೋಲಾರ್ ಹಾಕಿಸಿದವರ ಮೂರು ಭಯವೂ ಒಂದೇ ರಾತ್ರಿ ಚಿಕ್ಕಪ್ಪನ ಮನೆಗೆ ಬಂದಿದ್ದವು. ಮನೆ ವಿಮೆ ಈ ಮೂರಕ್ಕೂ ಒಂದೇ ಉತ್ತರ ಕೊಡೋದಿಲ್ಲ. ಒಂದಕ್ಕೆ ಹೌದು ಅನ್ನುತ್ತೆ, ಇನ್ನೊಂದಕ್ಕೆ ಷರತ್ತು ಹಾಕುತ್ತೆ, ಮೂರನೆಯದಕ್ಕೆ ಇಲ್ಲ ಅನ್ನುತ್ತೆ. ಯಾವುದಕ್ಕೆ ಯಾವ ಉತ್ತರ ಅನ್ನೋದು ಗಾಳಿ ಬೀಸೋ ಮುಂಚೆ ಗೊತ್ತಿದ್ದರೆ ಮಾತ್ರ ಉಪಯೋಗ.

ಮೊದಲು ಗಾಳಿಯ ಲೆಕ್ಕ. 28 ಕೆಜಿ ತೂಕದ ಪ್ಯಾನೆಲ್, ಬೋಲ್ಟ್ ಬೇರೆ ಹಾಕಿದ್ದಾರೆ, ಅದು ಹೇಗೆ ಹಾರುತ್ತೆ? ಎಂಜಿನಿಯರಿಂಗ್ ಓದಿದವನಾಗಿ ಇದೊಂದು ಲೆಕ್ಕ ಹೇಳಿಬಿಡ್ತೀನಿ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 90 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 38 ಕೆಜಿ ತೂಕದಷ್ಟು ಒತ್ತಡ ಹಾಕುತ್ತೆ. ಈ ಪ್ಯಾನೆಲ್‌ನ ವಿಸ್ತೀರ್ಣ ಎರಡೂವರೆ ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದ್ರೆ ಓರೆಯಾಗಿ ನಿಂತ ಪ್ಯಾನೆಲ್ ಕೆಳಗೆ ಗಾಳಿ ನುಗ್ಗಿದರೆ ಹತ್ತಿರಹತ್ತಿರ 100 ಕೆಜಿ ಬಲದಲ್ಲಿ ಅದನ್ನ ಮೇಲಕ್ಕೆತ್ತುತ್ತೆ. ಪ್ಯಾನೆಲ್ ತೂಕ ಬರೀ 28. ಮಿಕ್ಕ ಎಪ್ಪತ್ತು ಚಿಲ್ಲರೆ ಕೆಜಿಯನ್ನ ಕ್ಲ್ಯಾಂಪು, ಬೋಲ್ಟು, ತಾರಸಿಗೆ ಕಚ್ಚಿದ ಆಂಕರ್ ಹಿಡಿದಿಟ್ಟುಕೊಳ್ಳಬೇಕು. ತಾರಸಿಯ ಅಂಚಿನಲ್ಲಿ ಸೆಳೆತ ಇನ್ನೂ ಜೋರು. ಚಿಕ್ಕಪ್ಪನ ಮನೆಯಲ್ಲಿ ಹಾರಿದ ಎರಡೂ ಅಂಚಿನ ಪ್ಯಾನೆಲ್‌ಗಳೇ.

ಭಾರತೀಯ ಮಾನಕದಲ್ಲಿ ಕಟ್ಟಡಗಳ ವಿನ್ಯಾಸಕ್ಕೆ ಬೆಂಗಳೂರಿಗೆ ಹಿಡಿಯೋ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಂಟೆ ಲೆಕ್ಕಕ್ಕೆ ತಂದರೆ ಸುಮಾರು 119 ಮತ್ತು 140 ಕಿಲೋಮೀಟರ್. ನಿಮ್ಮ ಮನೆಯ ಸ್ಟ್ರಕ್ಚರ್ ಎಷ್ಟು ವೇಗಕ್ಕೆ ಲೆಕ್ಕ ಹಾಕಿ ನಿಲ್ಲಿಸಿದ್ದು ಅಂತ ಅಳವಡಿಸಿದವರ ಹತ್ತಿರ ಒಂದು ಕಾಗದ ಬರೆಸಿಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಚಿಕ್ಕಪ್ಪ ಮೊದಲು ಹೇಳಿದ್ದು, "ಇಪ್ಪತ್ತೈದು ವರ್ಷ ವಾರಂಟಿ ಇದೆಯಲ್ಲೋ, ಕಂಪನಿಯವರು ಕೊಡ್ತಾರೆ ಬಿಡು" ಅಂತ. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಆ ವಾರಂಟಿ ಪ್ಯಾನೆಲ್ ತಯಾರಿಕೆಯ ದೋಷಕ್ಕೆ, ಮತ್ತೆ ವರ್ಷವರ್ಷಕ್ಕೆ ಉತ್ಪಾದನೆ ಒಂದು ಮಿತಿ ಮೀರಿ ಇಳಿಯೋದಿಲ್ಲ ಅನ್ನೋ ಭರವಸೆಗೆ ಮಾತ್ರ. ಬಿರುಗಾಳಿ, ಸಿಡಿಲು, ಕಳ್ಳತನ ಯಾವುದೂ ಅದರಲ್ಲಿಲ್ಲ. ಸೂರ್ಯಘರ್ ಯೋಜನೆಯಲ್ಲಿ ಅಳವಡಿಸಿದವರು ಕೊಡಬೇಕಾದ ಐದು ವರ್ಷದ ನಿರ್ವಹಣೆಯೂ ನಿರ್ವಹಣೆಯೇ, ವಿಮೆ ಅಲ್ಲ.

ಹಾಗಾದ್ರೆ ವಿಮೆ ಎಲ್ಲಿತ್ತು? ಚಿಕ್ಕಪ್ಪನ ಬೀರುವಿನಲ್ಲೇ ಇತ್ತು, ಅವರಿಗೇ ಗೊತ್ತಿರಲಿಲ್ಲ. 2021ರ ಕೊನೆಗೆ ಮನೆ ಸಾಲ ತಗೊಂಡಾಗ ಬ್ಯಾಂಕಿನವರು ಹತ್ತು ವರ್ಷಕ್ಕೆ ಒಂದು ಪಾಲಿಸಿ ಮಾಡಿಸಿದ್ದರು. ಹೆಸರು ಭಾರತ್ ಗೃಹ ರಕ್ಷಾ. ಇದು ಒಂದು ಕಂಪನಿಯ ಪಾಲಿಸಿ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಒಂದೇ ನಮೂನೆ ಬರೆದುಕೊಟ್ಟು, 2021ರ ಏಪ್ರಿಲ್ 1ರಿಂದ ಮನೆಗಳಿಗೆ ಬೆಂಕಿ ಮತ್ತು ಪ್ರಕೃತಿ ವಿಕೋಪದ ವಿಮೆ ಮಾರುವ ಕಂಪನಿಗಳೆಲ್ಲ ಕೊಡಲೇಬೇಕು ಅಂತ ಮಾಡಿದ ಪಾಲಿಸಿ. ಯಾವ ಕಂಪನಿಯಿಂದ ತಗೊಂಡರೂ ಮೂಲ ಷರತ್ತು ಅದೇ.

ಚಿಕ್ಕಪ್ಪ ಕ್ಲೇಮ್ ಹಾಕಿದರು. ಕಂಪನಿಯಿಂದ ಒಂದೇ ಸಾಲಿನ ಉತ್ತರ ಬಂತು: 'ಪಾಲಿಸಿ ಮಾಡುವಾಗ ಸೋಲಾರ್ ಘಟಕ ಇರಲಿಲ್ಲ, ನಂತರವೂ ತಿಳಿಸಿಲ್ಲ, ಹಾಗಾಗಿ ಪರಿಹಾರ ಇಲ್ಲ.' ಚಿಕ್ಕಪ್ಪ ಆಸೆ ಬಿಟ್ಟಿದ್ದರು. ನಾನು ಪಾಲಿಸಿಯ ಪುಟಗಳ ಫೋಟೋ ಕಳಿಸಿಕೊಂಡು ಓದಿದೆ.

ಮನೆಯ ಕಟ್ಟಡ ಅಂದ್ರೆ ಏನು ಅಂತ ವ್ಯಾಖ್ಯೆ ಕೊಡೋ ಭಾಗದಲ್ಲಿ ಗೋಡೆ, ಚಾವಣಿ ಜೊತೆಗೆ ಹೆಚ್ಚುವರಿ ರಚನೆಗಳ ಪಟ್ಟಿ ಇದೆ. ಗ್ಯಾರೇಜು, ಕಾಂಪೌಂಡು, ಗೇಟು, ಸೆಪ್ಟಿಕ್ ಟ್ಯಾಂಕು, ನೀರಿನ ಟ್ಯಾಂಕು. ಅದೇ ಪಟ್ಟಿಯಲ್ಲಿ ಸೋಲಾರ್ ಪ್ಯಾನೆಲ್ ಅಂತಲೂ ಇದೆ! ಅಂದ್ರೆ ಈ ಪಾಲಿಸಿಯ ಕಣ್ಣಲ್ಲಿ ಪ್ಯಾನೆಲ್ ಮನೆಯ ಭಾಗ. ಬಿರುಗಾಳಿ, ಚಂಡಮಾರುತ, ಪ್ರವಾಹ, ಸಿಡಿಲು, ಬೆಂಕಿ, ಭೂಕಂಪ ಇವೆಲ್ಲ ವಿಮೆ ಇಳಿಸಿದ ಅಪಾಯಗಳು. ಈ ಎರಡು ಸಾಲು ತೋರಿಸಿ ಕಂಪನಿಯ ದೂರು ವಿಭಾಗಕ್ಕೆ ಚಿಕ್ಕಪ್ಪ ಪತ್ರ ಬರೆದರು. ಫೈಲು ಮತ್ತೆ ತೆರೆಯಿತು, ಸರ್ವೇಯರ್ ಬಂದರು.

ಆದರೆ ಇದನ್ನ ಕೇಳಿ ನಿರಾಳ ಆಗಬೇಡಿ. ಚಿಕ್ಕಪ್ಪ ಗೆದ್ದಿದ್ದು ಜಗಳ ಮಾಡಿ. ಈ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತವನ್ನ ಕಾರ್ಪೆಟ್ ವಿಸ್ತೀರ್ಣಕ್ಕೆ ಕಟ್ಟುವ ವೆಚ್ಚ ಗುಣಿಸಿ ತೆಗೀತಾರೆ, ಹೆಚ್ಚುವರಿ ರಚನೆಗಳ ಬೆಲೆಯನ್ನ ಅದಕ್ಕೆ ಬೇರೆ ಸೇರಿಸ್ತಾರೆ. ಪ್ಯಾನೆಲ್ ಬೆಲೆ ಎಲ್ಲೂ ಬರೆಸದೇ ಇದ್ದರೆ ಕಂಪನಿಗೆ ತಕರಾರು ತೆಗೆಯೋಕೆ ನೀವೇ ಬಾಗಿಲು ತೆರೆದಿಟ್ಟ ಹಾಗೆ. ಸೋಲಾರ್ ಹಾಕಿಸಿದ ವಾರದಲ್ಲೇ ಕಂಪನಿಗೆ ಮೇಲ್ ಹಾಕಿ, ಪಾಲಿಸಿಗೆ ಎಂಡಾರ್ಸ್‌ಮೆಂಟ್ ಮಾಡಿಸಿ, ಪ್ಯಾನೆಲ್, ಸ್ಟ್ರಕ್ಚರ್, ಇನ್ವರ್ಟರ್, ಕೇಬಲ್ ಹೆಸರು ಹೇಳಿ ಬರೆಸಿ.

ಎಷ್ಟು ಮೊತ್ತಕ್ಕೆ ಬರೆಸಬೇಕು? ಇಲ್ಲಿ ಬಹಳ ಜನ ಎಡವ್ತಾರೆ. ಕೈಯಿಂದ ಹೋಗಿದ್ದು 1,12,000 ಅಲ್ವಾ, ಅಷ್ಟಕ್ಕೇ ಬರೆಸೋಣ ಅಂತಾರೆ. ತಪ್ಪು. ನಾಳೆ ಪೂರ್ತಿ ಘಟಕ ಹಾಳಾದರೆ ಮತ್ತೆ ಹಾಕಿಸೋಕೆ 1,90,000 ಬೇಕು. ಸಬ್ಸಿಡಿ ಒಂದು ಮನೆಗೆ ಒಂದೇ ಸಲ, ಗಾಳಿಗೆ ಹೋಯ್ತು ಅಂತ ಸರ್ಕಾರ ಎರಡನೇ ಸಲ ಕೊಡೋದಿಲ್ಲ. ಹಾಗಾಗಿ ಸಬ್ಸಿಡಿ ಕಳೆಯುವ ಮುಂಚಿನ ಪೂರ್ತಿ ಬೆಲೆಗೇ ವಿಮೆ ಇರಬೇಕು.

ಈಗ ಸರ್ವೇಯರ್ ಬಂದ ದಿನದ ಕಥೆ. ಅವರ ಕೆಲಸ ಎರಡು. ಹಾನಿ ಆಗಿದ್ದು ಪಾಲಿಸಿಯಲ್ಲಿರೋ ಅಪಾಯದಿಂದಲೇ ಅಂತ ನೋಡೋದು, ಎಷ್ಟಾಗಿದೆ ಅಂತ ಅಳೆಯೋದು. ಅವರು ಮೊದಲು ನೋಡಿದ್ದು ಪ್ಯಾನೆಲ್ ಅಲ್ಲ, ಬೋಲ್ಟು. ಕಿತ್ತುಬಂದ ಬೋಲ್ಟಿನಲ್ಲಿ ತುಕ್ಕು ಹಿಡಿದು ಸವೆದ ಗುರುತು ಇದ್ದರೆ ಇದು ಗಾಳಿಯ ಹಾನಿ ಅಲ್ಲ, ನಿರ್ವಹಣೆ ಮಾಡದ ಹಾನಿ ಅನ್ನೋ ವಾದ ಶುರುವಾಗುತ್ತೆ. ಸ್ಟ್ರಕ್ಚರ್ ಇಷ್ಟು ಗಾಳಿವೇಗಕ್ಕೆ ಅಂತ ಬರೆಸಿಕೊಂಡ ಕಾಗದ, ವರ್ಷಕ್ಕೊಮ್ಮೆ ಬೋಲ್ಟ್ ಬಿಗಿ ಮಾಡಿಸಿದ ರಸೀದಿ ಆಗ ನಿಮ್ಮ ಪರ ಮಾತಾಡ್ತವೆ. ಚಿಕ್ಕಪ್ಪನ ಹತ್ತಿರ ಕಾಗದ ಇರಲಿಲ್ಲ, ಆದರೆ ಘಟಕ ಹೊಸದು, ಬೋಲ್ಟಿನಲ್ಲಿ ತುಕ್ಕಿರಲಿಲ್ಲ. ಆ ದಿನ ಊರಲ್ಲಿ ಮರಗಳು ಬಿದ್ದಿದ್ದ ಪತ್ರಿಕೆ ಸುದ್ದಿಯ ಕಟಿಂಗ್ ಚಿಕ್ಕಮ್ಮ ತೆಗೆದಿಟ್ಟಿದ್ದರು. ಅದೂ ಫೈಲಿಗೆ ಸೇರಿತು.

ಒಂದು ಎಚ್ಚರಿಕೆ. ಒಡೆದ ಪ್ಯಾನೆಲ್ ಸತ್ತಿಲ್ಲ! ಬಿಸಿಲು ಬಿದ್ದರೆ ಅದರಲ್ಲಿ ಕರೆಂಟ್ ಇರುತ್ತೆ. ಆರು ಪ್ಯಾನೆಲ್ ಸರಣಿಯಲ್ಲಿ ಸೇರಿದರೆ 250ರಿಂದ 300 ವೋಲ್ಟ್ ಡಿಸಿ. ಡಿಸಿ ಸ್ವಿಚ್ ಆಫ್ ಮಾಡಿದರೂ ಸ್ವಿಚ್ಚಿನಿಂದ ಮೇಲಿನ ವೈರಿನಲ್ಲಿ ವೋಲ್ಟೇಜ್ ಉಳಿದಿರುತ್ತೆ. ದೂರದಿಂದ ಫೋಟೋ, ವಿಡಿಯೋ ತೆಗೀರಿ, ಕಂಪನಿಗೆ ತಕ್ಷಣ ತಿಳಿಸಿ, ತೆಗೆಯೋ ಕೆಲಸ ಅಳವಡಿಸಿದವರಿಗೆ ಬಿಡಿ. ಸರ್ವೇಯರ್ ನೋಡೋವರೆಗೂ ಒಡೆದ ಚೂರನ್ನ ಗುಜರಿಗೆ ಹಾಕಬೇಡಿ.

ಇನ್ನು ಕಳ್ಳ. ಸೈಟಿನಿಂದ ಮಾಯವಾದ ಪ್ಯಾನೆಲ್‌ಗೆ ದುಡ್ಡು ಬಂತಾ? ಬಂತು. ಅದಕ್ಕೆ ಕಾರಣ ಪಾಲಿಸಿಯ ಒಂದು ಚಿಕ್ಕ ಸಾಲು. ವಿಮೆ ಇಳಿಸಿದ ಅಪಾಯ ಸಂಭವಿಸಿದ 7 ದಿನದೊಳಗೆ, ಅದರ ಕಾರಣದಿಂದಲೇ ಆದ ಕಳ್ಳತನಕ್ಕೆ ಪರಿಹಾರ ಇದೆ. ಗಾಳಿ ಹಾರಿಸಿತು, ಅದಕ್ಕೇ ಕಳ್ಳನಿಗೆ ಸಿಕ್ಕಿತು, ಮರುದಿನವೇ ಹೋಯ್ತು. ಸಾಲು ಸರಿಹೊಂದಿತು. ಚಿಕ್ಕಪ್ಪ ಅದೇ ಬೆಳಗ್ಗೆ ಠಾಣೆಗೆ ಹೋಗಿ ದೂರು ಕೊಟ್ಟಿದ್ದು ಉಳಿಸಿತು.

ಆದರೆ ಗಾಳಿ ಇಲ್ಲ, ಮಳೆ ಇಲ್ಲ, ನೀವು ನಾಲ್ಕು ದಿನ ಊರಿಗೆ ಹೋದಾಗ ಯಾರೋ ಸ್ಪ್ಯಾನರ್ ಹಿಡಿದು ತಾರಸಿ ಹತ್ತಿದರು ಅಂತ ಇಟ್ಟುಕೊಳ್ಳಿ. ಈ ಪಾಲಿಸಿ ಒಂದು ಪೈಸೆ ಕೊಡೋದಿಲ್ಲ. ಅದಕ್ಕೆ ಬೇರೆ ಕಳ್ಳತನದ ವಿಮೆ ಬೇಕು. ಅದರಲ್ಲೂ ಒಂದು ಪದ ನೋಡಿಕೊಳ್ಳಿ. ಬರ್ಗ್ಲರಿ ಅಂತ ಬರೆದಿದ್ದರೆ ಸಾಮಾನ್ಯವಾಗಿ ಬಾಗಿಲು, ಬೀಗ ಒಡೆದು ಒಳನುಗ್ಗಿದ ಗುರುತು ಕೇಳ್ತಾರೆ. ತಾರಸಿ ಬಯಲು ಜಾಗ. ಹೊರಗಿನ ಏಣಿ ಹತ್ತಿ ಬಂದ ಕಳ್ಳ ಯಾವ ಬಾಗಿಲು ಒಡೀತಾನೆ? 'ಕಟ್ಟಡದ ಹೊರಗೆ, ತಾರಸಿ ಮೇಲೆ ಅಳವಡಿಸಿದ ವಸ್ತುಗಳ ಕಳ್ಳತನವೂ ಸೇರಿದೆ' ಅಂತ ಲಿಖಿತವಾಗಿ ಇದ್ದರೆ ಮಾತ್ರ ಆ ಪ್ರೀಮಿಯಂಗೆ ಅರ್ಥ.

ಪ್ರತಿ ಪ್ಯಾನೆಲ್‌ಗೂ ಸೀರಿಯಲ್ ನಂಬರ್ ಇರುತ್ತೆ. ಹಾಕಿಸುವ ದಿನವೇ ಆರರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಎಫ್‌ಐಆರ್‌ನಲ್ಲಿ 'ಸೋಲಾರ್ ಪ್ಯಾನೆಲ್ ಒಂದು' ಅಂತ ಇರೋದಕ್ಕೂ ನಂಬರ್ ಸಮೇತ ಇರೋದಕ್ಕೂ ಬಹಳ ವ್ಯತ್ಯಾಸ ಇದೆ. ಮಾಲು ಪತ್ತೆ ಆಗದೇ ಇದ್ದರೆ ಪೊಲೀಸರ ಅಂತಿಮ ವರದಿ, ಠಾಣೆ ಭಾಷೆಯಲ್ಲಿ 'ಸಿ' ರಿಪೋರ್ಟ್, ವಿಮೆಯವರು ಕೇಳೋದುಂಟು.

ಈಗ ಎಲ್ಲರೂ ಸುಲಭ ಅಂದುಕೊಳ್ಳೋ, ಆದರೆ ದುಡ್ಡು ಬರದ ಐಟಂ. ಅದು ಇನ್ವರ್ಟರ್. ಸಿಡಿಲು ವಿಮೆಯ ಪಟ್ಟಿಯಲ್ಲಿದೆ, ಇನ್ವರ್ಟರ್ ಸಿಡಿಲಿಗೇ ಹೋಗಿದ್ದು, ಮತ್ತೆ ತಕರಾರು ಏನು? ಪಾಲಿಸಿಯ ಹೊರಗಿಟ್ಟ ವಿಷಯಗಳಲ್ಲಿ ಹೀಗಿದೆ: ವಿದ್ಯುತ್ ಉಪಕರಣದ ಒಳಗೆ ಶಾರ್ಟ್ ಸರ್ಕ್ಯೂಟ್, ಅತಿಯಾದ ಒತ್ತಡ, ಆರ್ಕಿಂಗ್ ಆಗಿ ಆ ಉಪಕರಣ ಹಾಳಾದರೆ ಪರಿಹಾರ ಇಲ್ಲ, ಕಾರಣ ಸಿಡಿಲೇ ಆಗಿದ್ದರೂ ಸರಿ. ಸಿಡಿಲು ನೇರ ಬಡಿದು ಪ್ಯಾನೆಲ್ ಗಾಜು ಪುಡಿಯಾದರೆ ಒಂದು ಲೆಕ್ಕ. ದೂರದ ಸಿಡಿಲಿನ ವೋಲ್ಟೇಜ್ ವೈರಿನಲ್ಲಿ ಹರಿದು ಇನ್ವರ್ಟರ್ ಒಳಗೆ ಸುಟ್ಟರೆ ಬೇರೆ ಲೆಕ್ಕ. ಇನ್ವರ್ಟರಿಂದ ಬೆಂಕಿ ಹತ್ತಿ ಪಕ್ಕದ ಕಿಟಕಿ ಸುಟ್ಟರೆ ಕಿಟಕಿಗೆ ದುಡ್ಡು ಬರುತ್ತೆ, ಇನ್ವರ್ಟರಿಗೆ ಇಲ್ಲ! ಇದನ್ನ ತುಂಬೋಕೆ ಉಪಕರಣಗಳ ವಿದ್ಯುತ್ ಮತ್ತು ಯಾಂತ್ರಿಕ ವೈಫಲ್ಯದ ಹೆಚ್ಚುವರಿ ವಿಮೆ ತಗೋಬೇಕು, ಅದರ ಪಟ್ಟಿಯಲ್ಲಿ ಸೋಲಾರ್ ಇನ್ವರ್ಟರ್ ಇದೆಯಾ ಅಂತ ಕೇಳಬೇಕು. ಡಿಸಿ ಮತ್ತು ಎಸಿ ಎರಡೂ ಕಡೆ ಸರ್ಜ್ ತಡೆಯೋ ಸಾಧನ, ಸರಿಯಾದ ಅರ್ಥಿಂಗ್ ಇದ್ದರೆ ಈ ಕ್ಲೇಮಿನ ಪ್ರಮೇಯವೇ ಕಡಿಮೆ.

ಕೊನೆಯದು, ನಿಂತುಹೋದ ಕರೆಂಟು. ಹೊಸ ಪ್ಯಾನೆಲ್, ಹೊಸ ಇನ್ವರ್ಟರ್ ಬರೋಕೆ 45 ದಿನ ಹಿಡಿಯಿತು. ಎರಡು ಪ್ಯಾನೆಲ್ ಚೆನ್ನಾಗಿದ್ದರೂ ಇನ್ವರ್ಟರ್ ಇಲ್ಲದೆ ಅವೂ ಸುಮ್ಮನೆ ಬಿಸಿಲು ಕಾಯಿಸಿದವು. "ಆ ಒಂದೂವರೆ ತಿಂಗಳ ಕರೆಂಟಿನ ನಷ್ಟ ಕೊಡಲ್ವಾ?" ಅಂತ ಚಿಕ್ಕಪ್ಪನ ಪ್ರಶ್ನೆ. ಇಲ್ಲ. ಗಳಿಕೆ ನಷ್ಟ, ಪರೋಕ್ಷ ನಷ್ಟ ಈ ಪಾಲಿಸಿಯಲ್ಲಿಲ್ಲ ಅಂತ ನೇರವಾಗಿ ಬರೆದಿದ್ದಾರೆ. ಉತ್ಪಾದನೆ ನಿಂತ ನಷ್ಟಕ್ಕೆ, ಬಿಸಿಲು ಕಡಿಮೆ ಬಿದ್ದ ನಷ್ಟಕ್ಕೆ ವಿಮೆಗಳಿವೆ, ಆದರೆ ಅವು ಮುಖ್ಯವಾಗಿ ಎಕರೆಗಟ್ಟಲೆ ಹರಡಿದ ದೊಡ್ಡ ಸೋಲಾರ್ ಘಟಕಗಳಿಗೆ.

ಯಾರಾದರೂ ಮನೆಗೆ ಇಂಥ ವಿಮೆ ಮಾರೋಕೆ ಬಂದರೆ ಮೊದಲು ಈ ಲೆಕ್ಕ ಹಾಕಿ. ದಿನಕ್ಕೆ 12 ಯೂನಿಟ್, 45 ದಿನಕ್ಕೆ 540 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ನಷ್ಟ 3,240 ರೂಪಾಯಿ. ಅದೇ ಇನ್ವರ್ಟರ್ 28,000. ಪ್ರೀಮಿಯಂ ದುಡ್ಡು ಎಲ್ಲಿ ಹಾಕಬೇಕು ಅಂತ ಲೆಕ್ಕವೇ ಹೇಳುತ್ತೆ.

ಹಾಗಂತ ಉತ್ಪಾದನೆಯ ಅಂಕಿ ಉಪಯೋಗಕ್ಕಿಲ್ಲ ಅನ್ನಬೇಡಿ. ಅದಕ್ಕೆ ಪರಿಹಾರ ಸಿಗದೇ ಇರಬಹುದು, ಆದರೆ ಅದು ಸಾಕ್ಷಿ ಆಗುತ್ತೆ. ಬಿರುಗಾಳಿಗೆ ಅಲುಗಾಡಿದ ಅಥವಾ ಆಲಿಕಲ್ಲು ಬಿದ್ದ ಪ್ಯಾನೆಲ್ ಹೊರಗೆ ಸರಿಯಾಗೇ ಕಾಣುತ್ತೆ, ಗಾಜಿನ ಕೆಳಗಿನ ಕೋಶಗಳಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತೆ. ಸರಣಿಯಲ್ಲಿ ಒಂದು ಪ್ಯಾನೆಲ್ ಸೋತರೆ ಜೋಡಿ ಎತ್ತಿನಲ್ಲಿ ಒಂದು ಕುಂಟಿದ ಹಾಗೆ, ಉಳಿದವುಗಳ ಕೆಲಸವೂ ಕುಂಟುತ್ತೆ. ಮಳೆಗಾಲದ ಮೋಡ ಕಾರಣವಾ, ಬಿರುಕು ಕಾರಣವಾ ಅಂತ ತಿಳಿಯೋಕೆ ಮೋಡವಿಲ್ಲದ ದಿನಗಳ ಯೂನಿಟ್ಟನ್ನ ಗಾಳಿಗೆ ಮುಂಚಿನ ಅಂಥದೇ ದಿನಗಳ ಜೊತೆ ಹೋಲಿಸಿ. ಅಳವಡಿಸಿದವರ ಮೊಬೈಲ್ ಆ್ಯಪ್‌ನಲ್ಲಿ ದಿನದಿನದ ಲೆಕ್ಕ ಇರುತ್ತೆ. 12 ಯೂನಿಟ್ ಬರ್ತಿದ್ದ ಕಡೆ ಅದೇ ಬಿಸಿಲಿಗೆ 9 ಬಂದರೆ ಆ ಸ್ಕ್ರೀನ್‌ಶಾಟ್ ಇಟ್ಟು, ಪ್ಯಾನೆಲ್‌ಗಳನ್ನ ಪರೀಕ್ಷೆ ಮಾಡಿಸಿ ಅಂತ ಸರ್ವೇಯರನ್ನ ಕೇಳಬಹುದು. ಪರಿಹಾರ ಸಿಗೋದು ಒಡೆದ ಪ್ಯಾನೆಲ್‌ಗೇ, ಕಳೆದ ಯೂನಿಟ್ಟಿಗಲ್ಲ.

ಚಿಕ್ಕಪ್ಪನ ಲೆಕ್ಕ ಹೀಗೆ ಮುಗಿಯಿತು. ನಾಲ್ಕು ಪ್ಯಾನೆಲ್‌ಗೆ ತಲಾ 13,500ರಂತೆ 54,000. ಸ್ಟ್ರಕ್ಚರ್ ಮತ್ತು ಕೂಲಿ 16,000. ಇನ್ವರ್ಟರ್ 28,000. ಕಳೆದ ಕರೆಂಟು 3,240. ಒಟ್ಟು 1,01,240 ರೂಪಾಯಿ ಕೇಳಿದರು. ಕೂಲಿಯಲ್ಲಿ 3,500 ಕಡಿತ ಮಾಡಿ 66,500 ಬಂತು. ಇನ್ವರ್ಟರಿಗೆ ಸೊನ್ನೆ, ಕರೆಂಟಿಗೆ ಸೊನ್ನೆ.

ಕಂಪನಿಯ ದೂರು ವಿಭಾಗವೂ ಇಲ್ಲ ಅಂದಿದ್ದರೆ, ಅಥವಾ 30 ದಿನ ಉತ್ತರ ಕೊಡದೇ ಇದ್ದಿದ್ದರೆ, ಮುಂದಿನ ಬಾಗಿಲು ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. 50 ಲಕ್ಷದವರೆಗಿನ ತಕರಾರು ಕೇಳ್ತಾರೆ, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು.

ನಿಮ್ಮ ತಾರಸಿ ಮೇಲೆ ಸೋಲಾರ್ ಇದ್ದರೆ ವಿಮೆ ಕಂಪನಿಗೆ ನಾಲ್ಕು ಪ್ರಶ್ನೆ ಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ನನ್ನ ಪಾಲಿಸಿಯಲ್ಲಿ ಸೋಲಾರ್ ಘಟಕದ ಹೆಸರು, ಪೂರ್ತಿ ಬೆಲೆ ಇದೆಯಾ? ಬೀಗ ಒಡೆಯದ ಕಳ್ಳತನ ಸೇರಿದೆಯಾ? ಸಿಡಿಲಿನ ವೋಲ್ಟೇಜಿಗೆ ಇನ್ವರ್ಟರ್ ಸುಟ್ಟರೆ ಕೊಡ್ತೀರಾ? ನನ್ನ ಪ್ಯಾನೆಲ್ ಹಾರಿ ಪಕ್ಕದವರ ಕಾರಿನ ಮೇಲೆ ಬಿದ್ದರೆ ಆ ಹೊಣೆ ಯಾರದು? ಈ ನಾಲ್ಕನೆಯದು ಮೂಲ ಪಾಲಿಸಿಯಲ್ಲಿಲ್ಲ, ಅದಕ್ಕೂ ಬೇರೆ ವಿಮೆ ಬೇಕು. ಚಿಕ್ಕಪ್ಪನ ಅದೃಷ್ಟ, ಪಕ್ಕದ ಸೈಟು ಖಾಲಿ ಇತ್ತು.

ಈಗ ಅಲ್ಲಿ ಮನೆ ಕಟ್ತಿದ್ದಾರೆ. ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. "ಆ ನಾಲ್ಕನೇದಕ್ಕೂ ಬರೆಸಿಬಿಟ್ಟೆ ಕಣೋ. ಬೋಲ್ಟೂ ಬಿಗಿ ಮಾಡ್ಸಿದೀನಿ, ರಸೀದಿ ಇಟ್ಕೊಂಡಿದೀನಿ."